ಒಂದು ಪ್ರಿಂಟ್ ಜಾಹೀರಾತನ್ನ ಬಿಚ್ಚಿ ನೋಡೋದು ಹೇಗೆ: 'ಲೆಮನ್' ಇಟ್ಕೊಂಡು ಐಡಾ ಮತ್ತೆ ಅಪೀಲ್‌ಗಳ ಪಾಠ

ಪ್ರತಿ ವರ್ಷ ಅಸೈನ್‌ಮೆಂಟ್ ನೋಡೋವಾಗ ನಂಗೆ ಒಂದೇ ಉತ್ತರ ಐವತ್ತು ಸಲ ಸಿಗತ್ತೆ. "ಈ ಜಾಹೀರಾತು ಗಮನ ಸೆಳೆಯುತ್ತದೆ, ಆಸಕ್ತಿ ಮೂಡಿಸುತ್ತದೆ, ಬಯಕೆ ಹುಟ್ಟಿಸುತ್ತದೆ, ಕೊಳ್ಳಲು ಪ್ರೇರೇಪಿಸುತ್ತದೆ." ಅಷ್ಟೇ, ಮುಗೀತು. ಇದನ್ನ ಟೂತ್‌ಪೇಸ್ಟ್ ಜಾಹೀರಾತಿಗೂ ಅಂಟಿಸ್ಬಹುದು ಟ್ರ್ಯಾಕ್ಟರ್ ಜಾಹೀರಾತಿಗೂ ಅಂಟಿಸ್ಬಹುದು, ಅಂದ್ಮೇಲೆ ಬರೆದೋರು ಜಾಹೀರಾತು ನೋಡೇ ಇಲ್ಲ ಅಂತಾನೇ ಅರ್ಥ ಅಲ್ವಾ. ಹಾಗಾಗಿ ಇಲ್ಲಿ ಒಂದೇ ಒಂದು ಜಾಹೀರಾತು ತಗೊಂಡು, ಯಾವ ಸಾಲು ಏನ್ ಕೆಲಸ ಮಾಡ್ತಿದೆ ಅಂತ ಹಂತಹಂತವಾಗಿ ಬಿಚ್ಚಿ ತೋರಿಸ್ತೀನಿ, ಆಮೇಲೆ ಅದೇ ದಾರೀಲಿ ನೀವು ನಿಮ್ಮ ಜಾಹೀರಾತು ಬಿಚ್ಚಬಹುದು.

ಮೊದ್ಲು ಎರಡು ಪದ ಬೇರೆ ಬೇರೆ ಅಂತ ತಿಳ್ಕೊಳಿ, ಯಾಕಂದ್ರೆ ಅರ್ಧ ಗೊಂದಲ ಇಲ್ಲೇ ಶುರುವಾಗೋದು. ಐಡಾ ಅನ್ನೋದು ಮೆಟ್ಟಿಲು: ಅಟೆನ್ಶನ್, ಇಂಟರೆಸ್ಟ್, ಡಿಸೈರ್, ಆಕ್ಷನ್. ಅಂದ್ರೆ ಗಮನ, ಆಸಕ್ತಿ, ಬೇಕು ಅನ್ನಿಸೋದು, ಕೈ ಜೇಬಿಗೆ ಹೋಗೋದು. ಅಪೀಲ್ ಅನ್ನೋದು ಆ ಮೆಟ್ಟಿಲು ಹತ್ತಿಸೋಕೆ ನಮ್ಮೊಳಗಿನ ಯಾವ ತಂತಿ ಮೀಟ್ತಾರೆ ಅನ್ನೋದು. ಊರಿಗೆ ಹೋಗೋವಾಗ ಬಸ್‌ಸ್ಟ್ಯಾಂಡಲ್ಲಿ ಕಿಟಕಿ ಹತ್ರ ಸೌತೆಕಾಯಿ ಮಾರೋರು ಬರ್ತಾರಲ್ಲ, "ಸೌತೇಕಾಯ್ ಸೌತೇಕಾಯ್" ಅಂತ ಕೂಗೋದು ಗಮನಕ್ಕೆ, ನಿಮ್ಮ ಕಣ್ಣೆದುರೇ ಒಂದನ್ನ ನಾಲ್ಕು ಸೀಳಾಗಿ ಸೀಳಿ ಉಪ್ಪು ಖಾರ ಸವರೋದು ಆಸಕ್ತಿಗೆ, ಅದನ್ನ ನೋಡಿ ಬಾಯಲ್ಲಿ ನೀರು ಬರೋದು ಬಯಕೆ, "ಬಸ್ ಹೊರಡತ್ತೆ ಸಾರ್ ತಗೊಳಿ" ಅನ್ನೋದು ಆಕ್ಷನ್. ಇದು ಮೆಟ್ಟಿಲಾಯ್ತು. ಆದ್ರೆ ಅವ್ರು "ಬಿಸಿಲಿಗೆ ತಂಪು" ಅಂದ್ರೆ ಒಂದು ಅಪೀಲು, "ಮಗು ಆಗ್ಲಿಂದ ನೋಡ್ತಿದೆ ಕೊಡ್ಸಿ ಅಮ್ಮಾ" ಅಂದ್ರೆ ಬೇರೇನೇ ಅಪೀಲು. ಮೆಟ್ಟಿಲು ಅದೇ, ತಂತಿ ಬೇರೆ.

ಐಡಾ ಹಿಂದಿನ ಐಡಿಯಾನ ಅಮೆರಿಕದ ಜಾಹೀರಾತು ಮನುಷ್ಯ ಸೇಂಟ್ ಎಲ್ಮೋ ಲೂಯಿಸ್ ಹೆಸರಿಗೆ, 1898ಕ್ಕೆ ಕಟ್ಟೋದು ವಾಡಿಕೆ. ಪರೀಕ್ಷೆಗೆ ಇಷ್ಟು ಸಾಕು, ಚರಿತ್ರೆಗೆ ಒಂದು ಸಾಲಿಗಿಂತ ಜಾಸ್ತಿ ಜಾಗ ಕೊಡ್ಬೇಡಿ.

ನಾವು ಬಿಚ್ಚೋ ಜಾಹೀರಾತು

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಅಮೆರಿಕದಲ್ಲಿ 1960ರಲ್ಲಿ ಬಂದ 'ಲೆಮನ್' ಜಾಹೀರಾತು. ಮಾಡಿದ್ದು ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಏಜೆನ್ಸಿ, ಆರ್ಟ್ ಡೈರೆಕ್ಟರ್ ಹೆಲ್ಮಟ್ ಕ್ರೋನ್, ಕಾಪಿ ಬರೆದೋರು ಜೂಲಿಯನ್ ಕೋನಿಗ್. ಇದೇ ಸರಣಿಯ 'ಥಿಂಕ್ ಸ್ಮಾಲ್' ಇನ್ನೂ ಜಾಸ್ತಿ ಫೇಮಸ್ಸು, ಆದ್ರೆ ಐಡಾ ಕಲಿಯೋಕೆ ನಂಗೆ ಲೆಮನ್ನೇ ಇಷ್ಟ, ಯಾಕಂದ್ರೆ ಇದ್ರಲ್ಲಿ ಒಂದು ಮೆಟ್ಟಿಲು ಬೇಕಂತಲೇ ಬಿಟ್ಟಿದಾರೆ. ಅದು ಯಾವ್ದು ಅಂತ ಮುಂದೆ ಬರತ್ತೆ.

ನೆಟ್ಟಲ್ಲಿ ಹುಡುಕಿದ್ರೆ ಚಿತ್ರ ಸಿಗತ್ತೆ, ಪಕ್ಕದಲ್ಲಿ ತೆರೆದಿಟ್ಕೊಂಡು ಓದಿದ್ರೆ ಒಳ್ಳೇದು. ಪುಟದ ಮೇಲಿನ ಸುಮಾರು ಮೂರರಲ್ಲಿ ಎರಡು ಪಾಲು ಒಂದು ಕಪ್ಪುಬಿಳುಪು ಫೋಟೋ, ಅದ್ರಲ್ಲಿ ಒಂದು ಬೀಟಲ್, ಹಿಂದೆ ಬೆಟ್ಟ ಇಲ್ಲ ಬಂಗಲೆ ಇಲ್ಲ ಹುಡುಗಿ ಇಲ್ಲ. ಫೋಟೋ ಕೆಳಗೆ ಮಧ್ಯದಲ್ಲಿ ಒಂದೇ ಪದ, ಲೆಮನ್, ಪದದ ಮುಂದೆ ಒಂದು ಪೂರ್ಣವಿರಾಮ. ಅದರ ಕೆಳಗೆ ಮೂರು ಕಾಲಂ ಸಣ್ಣಕ್ಷರ, ಎಲ್ಲಾ ಸೇರಿ ಇನ್ನೂರು ಪದ ದಾಟಲ್ಲ. ಪುಟ್ಟದೊಂದು ಲೋಗೋ. ಬೆಲೆ ಇಲ್ಲ, ವಿಳಾಸ ಇಲ್ಲ, ಫೋನ್ ನಂಬರ್ ಇಲ್ಲ.

ಮೊದಲ ಹೆಜ್ಜೆ: ಓದ್ಬೇಡಿ, ಬರೀ ನೋಡಿ

ಸಣ್ಣಕ್ಷರದ ಮೇಲೆ ಒಂದು ಹಾಳೆ ಮುಚ್ಚಿ. ಮೂರು ಸೆಕೆಂಡ್ ನೋಡಿ, ಪುಟ ತಿರುಗಿಸಿ, ಕಣ್ಣು ಮೊದ್ಲು ಎಲ್ಲಿಗೆ ಹೋಯ್ತು ಆಮೇಲೆ ಎಲ್ಲಿಗೆ ಹೋಯ್ತು ಅಂತ ಬಾಣ ಹಾಕಿ ಬರ್ಕೊಳಿ. ಸಾಧ್ಯ ಆದ್ರೆ ಮನೇಲಿ ಇನ್ನೊಬ್ರಿಗೂ ತೋರಿಸಿ ಕೇಳಿ, ಯಾಕಂದ್ರೆ ನೀವು ಅನಾಲಿಸಿಸ್ ಮಾಡೋಕೆ ಕೂತಿರ್ತೀರ, ನಿಮ್ಮ ಕಣ್ಣು ಆಗ್ಲೇ ಪ್ರಾಮಾಣಿಕ ಅಲ್ಲ. ಲೆಮನ್ನಲ್ಲಿ ಬಾಣ ಸುಲಭ: ಕಾರು, ಆ ಪದ, ಮತ್ತೆ ವಾಪಸ್ ಕಾರು. ಈ "ವಾಪಸ್" ಅನ್ನೋದನ್ನ ಗುರುತು ಹಾಕಿಟ್ಕೊಳಿ, ಇಡೀ ಜಾಹೀರಾತಿನ ಕೀಲಿ ಅದೇ.

ಎರಡನೇ ಹೆಜ್ಜೆ: ಗಮನ ಯಾಕೆ ಸೆಳೀತು, ಯಾರದ್ದು ಸೆಳೀತು

"ಚಿತ್ರ ಆಕರ್ಷಕವಾಗಿದೆ" ಅಂತ ಬರೀಬೇಡಿ, ಈ ಚಿತ್ರ ಆಕರ್ಷಕವಾಗೇ ಇಲ್ಲ. ಗಮನ ಅನ್ನೋದು ಯಾವಾಗ್ಲೂ ಸುತ್ತಮುತ್ತ ಇರೋದಕ್ಕೆ ಹೋಲಿಸಿ ಹುಟ್ಟೋದು. ಆ ಕಾಲದ ಅಮೆರಿಕದ ಮ್ಯಾಗಝೀನ್ ಕಾರ್ ಜಾಹೀರಾತು ಅಂದ್ರೆ ಬಣ್ಣಬಣ್ಣದ್ದು, ಕಾರನ್ನ ಇರೋದಕ್ಕಿಂತ ಉದ್ದ ಅಗಲ ಮಾಡಿ ಬರೆದ ಚಿತ್ರಗಳು, ಹಿಂದೆ ರೆಕ್ಕೆ ಥರ ಫಿನ್, ಪಕ್ಕದಲ್ಲಿ ನಗ್ತಾ ನಿಂತಿರೋ ಸಂಸಾರ. ಅಂಥ ಪುಟಗಳ ನಡುವೆ ಬೋಳು ಕಪ್ಪುಬಿಳುಪು ಪುಟ ಬಂದ್ರೆ ಮದುವೆ ಮನೇಲಿ ಬಿಳಿ ಪಂಚೆ ಉಟ್ಕೊಂಡು ಸುಮ್ನೆ ಕೂತಿರೋ ಮನುಷ್ಯನ ಮೇಲೆ ಕಣ್ಣು ಹೋಗತ್ತಲ್ಲ ಹಾಗೆ. ಅದಕ್ಕೇ ಉತ್ತರದಲ್ಲಿ ಜಾಹೀರಾತು ಯಾವ ಪತ್ರಿಕೇಲಿ, ಯಾವ ಪುಟದಲ್ಲಿ, ಯಾವುದರ ಪಕ್ಕ ಬಂದಿತ್ತು ಅಂತ ಒಂದು ಮಾತು ಇರ್ಲೇಬೇಕು. ಕತ್ತರಿಸಿ ಫೈಲಿಗೆ ಅಂಟಿಸಿದ ಜಾಹೀರಾತಿನ ಗಮನದ ಶಕ್ತಿ ಅಳೆಯೋಕೆ ಆಗಲ್ಲ.

ಇನ್ನು ಪದ. ಅಮೆರಿಕನ್ನರ ಆಡುಮಾತಲ್ಲಿ ಲೆಮನ್ ಅಂದ್ರೆ ಹುಟ್ಟಾ ಕೆಟ್ಟ ಕಾರು, ದುಡ್ಡು ಕೊಟ್ಟು ತಂದ್ಮೇಲೆ ಗ್ಯಾರೇಜಲ್ಲೇ ವಾಸ ಮಾಡೋ ಗಾಡಿ. ಎಷ್ಟರಮಟ್ಟಿಗೆ ಅಂದ್ರೆ ಆಮೇಲೆ ಅಲ್ಲಿನ ರಾಜ್ಯಗಳು ಇಂಥ ಕಾರು ಕೊಂಡೋರನ್ನ ಕಾಪಾಡೋಕೆ ಮಾಡಿದ ಕಾನೂನಿಗೆ 'ಲೆಮನ್ ಲಾ' ಅಂತಾನೇ ಹೆಸರು ಬಿತ್ತು. ಈಗ ಯೋಚ್ನೆ ಮಾಡಿ, ಒಂದು ಕಂಪನಿ ತನ್ನ ಕಾರಿನ ಫೋಟೋ ಹಾಕಿ ಕೆಳಗೆ ತಾನೇ "ಡಬ್ಬಾ ಗಾಡಿ." ಅಂತ ಬರೆದು ಫುಲ್‌ಸ್ಟಾಪ್ ಇಟ್ರೆ ಯಾರ್ ತಾನೇ ನಿಲ್ಲಲ್ಲ.

ಇದನ್ನೇ ನಮ್ಮೂರಲ್ಲಿ ಹಾಗೇ ಹಾಕಿದ್ರೆ? ನಾವು ಹೊಸ ಗಾಡಿ ತಂದ ದಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹತ್ತಿಸ್ಕೊಂಡು ಹೋಗೋ ಜನ, ಮುಂದೆ ಮೆಣಸಿನಕಾಯಿ ಜೊತೆ ಇನ್ನೊಂದು ನೇತಾಡ್ತಿರತ್ತೆ. ಕಾರಿನ ಕೆಳಗೆ 'ನಿಂಬೆಹಣ್ಣು.' ಅಂತ ನೋಡಿದ್ರೆ ಆಯುಧ ಪೂಜೆ ಆಫರ್ ಅನ್ಕೋತೀವಿ. ತಮಾಷೆಗೆ ಹೇಳ್ತಿಲ್ಲ, ಇದು ನಿಮ್ಮ ಉತ್ತರದಲ್ಲಿ ಬರಬೇಕಾದ ಪಾಯಿಂಟು: ಈ ಗಮನ ಆ ಭಾಷೆಯ ಒಂದು ಆಡುಮಾತಿನ ಮೇಲೆ ನಿಂತಿದೆ, ಆ ಮಾತು ಗೊತ್ತಿಲ್ದೋರಿಗೆ ಮೊದಲ ಮೆಟ್ಟಿಲೇ ಇಲ್ಲ. ನೀವು ಆರಿಸ್ಕೊಂಡ ಜಾಹೀರಾತಿನ ಗಮನ ಯಾವುದರ ಮೇಲೆ ನಿಂತಿದೆ ನೋಡಿ, ನಟನ ಮುಖದ ಮೇಲಾ, ಶ್ಲೇಷೆ ಮೇಲಾ, ಹಬ್ಬದ ಮೇಲಾ, ಬರೀ ಸೈಝಿನ ಮೇಲಾ.

ಮೂರನೇ ಹೆಜ್ಜೆ: ಗಮನ ಮುಗಿದು ಆಸಕ್ತಿ ಶುರುವಾಗೋ ಜಾಗಕ್ಕೆ ಗೆರೆ ಎಳೀರಿ

ಇಲ್ಲಿ ಆ "ವಾಪಸ್" ನೆನಪಿಸ್ಕೊಳಿ. ಪದ ಓದಿದ್ಮೇಲೆ ಕಣ್ಣು ಫೋಟೋಗೆ ವಾಪಸ್ ಹೋಗತ್ತೆ, ಡಬ್ಬಾ ಅಂತಾರಲ್ಲ ಎಲ್ಲಿದೆ ತಪ್ಪು ಅಂತ ಹುಡುಕತ್ತೆ, ಎಷ್ಟ್ ಹುಡುಕಿದ್ರೂ ಸಿಗಲ್ಲ, ಕಾರು ಸರಿಯಾಗೇ ಇದೆ. ಸಿಗ್ದಿದ್ದಕ್ಕೇ ಸಣ್ಣಕ್ಷರಕ್ಕೆ ಇಳೀತೀರಿ. ಗಮನದಿಂದ ಆಸಕ್ತಿಗೆ ದಾಟಿಸೋ ಸೇತುವೆ ಅಂದ್ರೆ ಇದು, ಉತ್ತರ ಸಿಗದ ಒಂದು ಪ್ರಶ್ನೆ. ಕೆಟ್ಟ ಜಾಹೀರಾತುಗಳು ಎಡವೋದು ಇಲ್ಲೇ, ದೊಡ್ಡದಾಗಿ ಏನೋ ಕಿರುಚ್ತಾವೆ, ನೀವು ತಿರುಗಿ ನೋಡ್ತೀರ, ಆಮೇಲೆ ಅಲ್ಲಿ ಹೋಗೋಕೆ ದಾರೀನೇ ಇರಲ್ಲ. ಹೆಡ್‌ಲೈನು ಮತ್ತೆ ವಸ್ತು ಎರಡಕ್ಕೂ ಸಂಬಂಧ ಇಲ್ಲ ಅಂದ್ರೆ ಗಮನ ಸಿಕ್ಕಿದೆ ಆದ್ರೆ ಆಸಕ್ತಿ ಸಿಕ್ಕಿಲ್ಲ ಅಂತ ಧೈರ್ಯವಾಗಿ ಬರೀರಿ, ಮಾರ್ಕ್ಸ್ ಕಟ್ ಆಗಲ್ಲ.

ಮೊದಲ ಸಾಲು ಹೇಳೋದು, ಈ ಕಾರಿಗೆ ಹಡಗು ತಪ್ಪಿ ಹೋಯ್ತು. ಇಂಗ್ಲಿಷಲ್ಲಿ ಅದು ಅವಕಾಶ ಕಳ್ಕೊಂಡ್ತು ಅನ್ನೋ ನುಡಿಗಟ್ಟು, ಆದ್ರೆ ಜರ್ಮನಿಯಿಂದ ಅಮೆರಿಕಕ್ಕೆ ಈ ಕಾರುಗಳು ನಿಜವಾಗ್ಲೂ ಹಡಗಲ್ಲೇ ಬರ್ತಿದ್ವು, ಹಾಗಾಗಿ ಎರಡೂ ಅರ್ಥ ಕೂರತ್ತೆ. ಯಾಕೆ ತಪ್ತು ಅಂದ್ರೆ ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್ ಮೇಲಿನ ಕ್ರೋಮ್ ಪಟ್ಟಿ ಮೇಲೆ ಒಂದು ಕಲೆ, ಅದನ್ನ ಬದಲಾಯಿಸ್ಬೇಕು. ನಿಮ್ಮ ಕಣ್ಣಿಗೆ ಬಹುಶಃ ಬೀಳ್ತಿರ್ಲಿಲ್ಲ, ಇನ್ಸ್‌ಪೆಕ್ಟರ್ ಕಣ್ಣಿಗೆ ಬಿತ್ತು ಅಂತ ಆ ಇನ್ಸ್‌ಪೆಕ್ಟರ್ ಹೆಸರು ಹಿಡಿದೇ ಹೇಳ್ತಾರೆ. ನೋಡಿ, ಫೋಟೋದಲ್ಲಿ ತಪ್ಪು ಸಿಗದೇ ಇದ್ದಿದ್ದೂ ಇಲ್ಲಿ ವಸೂಲಾಯ್ತು, ಓದುಗ ತಾನೇ ಹುಡುಕಿ ಸೋತಿದಾನಲ್ಲ, ಅದಕ್ಕೇ ಇನ್ಸ್‌ಪೆಕ್ಟರ್ ಕಣ್ಣು ಎಷ್ಟು ಚುರುಕು ಅಂತ ಒಪ್ಪಿಕೊಳ್ತಾನೆ. ಇಷ್ಟೊತ್ತಿಗೆ ಡಬ್ಬಾ ಅನ್ನೋ ಪದದ ಅರ್ಥ ಪೂರ್ತಿ ತಿರುಗಿಬಿದ್ದಿದೆ.

ಆಮೇಲೆ ಅಂಕಿಗಳು. ವುಲ್ಫ್ಸ್‌ಬರ್ಗ್ ಕಾರ್ಖಾನೇಲಿ 3,389 ಜನಕ್ಕೆ ಕಾರು ತಪಾಸಣೆ ಮಾಡೋದೊಂದೇ ಕೆಲಸ, ದಿನಕ್ಕೆ ತಯಾರಾಗೋದು 3,000 ಕಾರು, ಅಂದ್ರೆ ಕಾರಿಗಿಂತ ಇನ್ಸ್‌ಪೆಕ್ಟರುಗಳೇ ಜಾಸ್ತಿ. ಕೊನೇ ತಪಾಸಣೇಲಿ 189 ಕಡೆ ಪರೀಕ್ಷೆ, ಐವತ್ತಕ್ಕೊಂದು ಕಾರು ವಾಪಸ್. ಇಲ್ಲಿ ಒಂದು ಕಸುಬಿನ ಗುಟ್ಟಿದೆ. 3,389 ಅಂತ ಒಂಟಿಯಾಗಿ ಹೇಳಿದ್ರೆ ಅದು ಜಾಸ್ತೀನೋ ಕಮ್ಮೀನೋ ಓದುಗಂಗೆ ಗೊತ್ತಾಗಲ್ಲ, ಪಕ್ಕದಲ್ಲಿ 3,000 ಇಟ್ಟ ತಕ್ಷಣ ಅದಕ್ಕೆ ತೂಕ ಬಂತು. ಸುಮಾರು 3,400 ಅಂತ ರೌಂಡ್ ಮಾಡ್ದೇ ಕೊನೇ ಒಂಬತ್ತರವರೆಗೂ ಹೇಳಿದ್ದಕ್ಕೆ ಯಾರೋ ನಿಜವಾಗ್ಲೂ ಎಣಿಸಿದಾರೆ ಅನ್ನಿಸತ್ತೆ. ನಾನೇ ಒಂದು ಲೆಕ್ಕ ಹಾಕ್ದೆ: ಐವತ್ತಕ್ಕೊಂದು ಅಂದ್ರೆ ದಿನಕ್ಕೆ ಅರವತ್ತು ಕಾರು ರಿಜೆಕ್ಟ್. ಇದನ್ನ ಜಾಹೀರಾತು ಹೇಳಿಲ್ಲ, ಹೇಳಿದ್ರೆ "ಅಯ್ಯೋ ದಿನಾ ಅರವತ್ತು ಕೆಟ್ಟದ್ದು ಮಾಡ್ತಾರಾ" ಅನ್ನಿಸ್ತಿತ್ತು. ಅದೇ ಸತ್ಯ, ಯಾವ ರೂಪದಲ್ಲಿ ಹೇಳ್ತೀರಿ ಅನ್ನೋದರ ಮೇಲೆ ಇನ್ಸ್‌ಪೆಕ್ಟರ್ ಹೀರೋ ಆಗ್ತಾನೆ ಇಲ್ಲಾ ಕಾರ್ಖಾನೆ ವಿಲನ್ ಆಗತ್ತೆ.

ನಾಲ್ಕನೇ ಹೆಜ್ಜೆ: ಬಯಕೆಯ ಸಾಲು ಹುಡುಕಿ, ಅದು ಸಾಮಾನ್ಯವಾಗಿ ತುಂಬಾ ಸಣ್ಣದು

ಆಸಕ್ತಿ ಮತ್ತೆ ಬಯಕೆ ಬೇರೆ ಮಾಡೋದು ಎಲ್ರಿಗೂ ಕಷ್ಟ. ನಾನು ಹೇಳ್ಕೊಡೋ ಪರೀಕ್ಷೆ ಇದು: ಸಾಲು ವಸ್ತುವಿನ ಬಗ್ಗೆ ಮಾತಾಡ್ತಿದ್ರೆ ಆಸಕ್ತಿ, ಅದ್ರಿಂದ ನನ್ನ ಬದುಕಲ್ಲಿ ಏನ್ ಆಗತ್ತೆ ಅಂತ ಮಾತಾಡ್ತಿದ್ರೆ ಬಯಕೆ. ಕಾರ್ಖಾನೇಲಿ ಎಷ್ಟು ಜನ ಇದ್ರೆ ನಂಗೇನು, ನಂಗೆ ಏನ್ ಸಿಗತ್ತೆ ಹೇಳಿ. ಲೆಮನ್ನಲ್ಲಿ ಆ ತಿರುವು ಬರೋದು ಕೊನೇ ಹತ್ತಿರ: ಹೀಗೆ ಸಣ್ಣಪುಟ್ಟದ್ದಕ್ಕೂ ತಲೆ ಕೆಡಿಸ್ಕೊಳ್ಳೋದ್ರಿಂದ ಈ ಕಾರು ಬೇರೆ ಕಾರಿಗಿಂತ ಹೆಚ್ಚು ಬಾಳಿಕೆ ಬರತ್ತೆ, ರಿಪೇರಿ ಖರ್ಚು ಕಮ್ಮಿ, ಆಮೇಲೆ ಬ್ರ್ಯಾಕೆಟ್ಟಲ್ಲಿ, ಸೆಕೆಂಡ್ ಹ್ಯಾಂಡ್ ಮಾರೋವಾಗ ಬೆಲೆ ಬೇರೆ ಯಾವ ಕಾರಿನಷ್ಟೂ ಇಳಿಯಲ್ಲ.

ಬಾಳಿಕೆ, ಖರ್ಚು, ರೀಸೇಲ್. ಕಾರ್ ತಗೊಳೋಕೆ ಹೊರಟ ನಮ್ಮ ಮಾವಂದಿರು ಶೋರೂಮಲ್ಲಿ ಕೇಳೋದೂ ಇದೇ ಮೂರು. ಬಯಕೆ ಅಂದ ತಕ್ಷಣ ಸಮುದ್ರದ ದಂಡೆ ಸೂರ್ಯಾಸ್ತ ಅಂತೆಲ್ಲಾ ಹುಡುಕಬೇಡಿ, ತಿಂಗಳ ಕೊನೇಲಿ ದುಡ್ಡು ಉಳಿಯತ್ತೆ ಅನ್ನೋದೂ ಬಯಕೇನೇ. ಜಾಹೀರಾತಲ್ಲಿ "ಅಂದ್ರೆ", "ಇದರಿಂದ", "ಹಾಗಾಗಿ" ಅನ್ನೋ ಥರದ ಪದ ಎಲ್ಲಿ ಬರತ್ತೆ ನೋಡಿ, ಗುಣದಿಂದ ಲಾಭಕ್ಕೆ ತಿರುಗೋ ಕೀಲು ಬಹಳ ಸಲ ಅಲ್ಲೇ ಇರತ್ತೆ. ಇನ್ನೊಂದು, ಹೆಚ್ಚು ಬಾಳಿಕೆ ಅನ್ನೋ ಕಡೆ ಅವ್ರು "ಒಟ್ಟಾರೆ ನೋಡಿದ್ರೆ" ಅನ್ನೋ ಅರ್ಥದ ಒಂದು ಮಾತು ಸೇರಿಸಿದಾರೆ. ಪೂರ್ತಿ ಕೊಚ್ಕೊಳ್ದೇ ಸ್ವಲ್ಪ ಹಿಂದೆ ಸರಿದಿದಾರೆ, ಅದಕ್ಕೇ ಉಳಿದಿದ್ದನ್ನ ನಂಬಬೇಕು ಅನ್ನಿಸತ್ತೆ.

ಐದನೇ ಹೆಜ್ಜೆ: ಆಕ್ಷನ್ ಇಲ್ಲ ಅಂದ್ರೆ ಇಲ್ಲ ಅಂತಲೇ ಬರೀರಿ

ಈಗ ಆ ಬಿಟ್ಟಿರೋ ಮೆಟ್ಟಿಲು. ಕೊನೇ ಸಾಲು ಹೇಳೋದು ಇಷ್ಟೇ, ನಿಂಬೆ ನಾವು ಕಿತ್ತು ಹಾಕ್ತೀವಿ, ಪ್ಲಮ್ ನಿಮಗೆ ಸಿಗತ್ತೆ. ಇಂಗ್ಲಿಷಲ್ಲಿ ಪ್ಲಮ್ ಅಂದ್ರೆ ಆರಿಸಿ ತೆಗೆದ ಉತ್ತಮವಾದದ್ದು ಅಂತಲೂ ಅರ್ಥ ಇದೆ, ಹೆಡ್‌ಲೈನಿಂದ ಶುರುವಾದ ಹಣ್ಣಿನ ಮಾತು ಹಣ್ಣಲ್ಲೇ ಮುಗೀತು. ಆದ್ರೆ ಎಲ್ಲಿಗ್ ಬನ್ನಿ, ಯಾರಿಗ್ ಫೋನ್ ಮಾಡಿ, ಎಷ್ಟ್ ದಿನದೊಳಗೆ ಅಂತ ಒಂದಕ್ಷರ ಇಲ್ಲ. ಸ್ಟೂಡೆಂಟ್ಸ್ ಇಲ್ಲಿ ಭಯಬಿದ್ದು "ಈ ಸಾಲು ಗ್ರಾಹಕರನ್ನು ತಕ್ಷಣ ಕೊಳ್ಳಲು ಪ್ರೇರೇಪಿಸುತ್ತದೆ" ಅಂತ ಸುಳ್ಳು ಬರೀತಾರೆ. ಪ್ರೇರೇಪಿಸಲ್ಲ ಕಣ್ರೀ. ಮ್ಯಾಗಝೀನ್ ಓದ್ತಾ ಕೂತಿರೋರು ಎದ್ದು ಹೋಗಿ ಕಾರು ತರಲ್ಲ, ಅದು ವರ್ಷಗಟ್ಲೆ ಯೋಚ್ನೆ ಮಾಡಿ ತಗೊಳೋ ವಸ್ತು. ಇಲ್ಲಿ ಕೇಳ್ತಿರೋದು ಮನಸ್ಸಲ್ಲಿ ಒಂದು ಬದಲಾವಣೆ: ಮುಂದೆ ಯಾವತ್ತೋ ಕಾರ್ ತಗೊಳೋವಾಗ ಈ ಪುಟ್ಟ ವಿಚಿತ್ರ ಆಕಾರದ್ದನ್ನೂ ಲಿಸ್ಟಲ್ಲಿ ಇಟ್ಕೊಳಿ ಅಂತ. ಇದನ್ನ ಪರೋಕ್ಷ ಆಕ್ಷನ್ ಅಂತ ಬರೀಬಹುದು, ಜೊತೆಗೆ ಯಾಕೆ ಪರೋಕ್ಷ ಅಂತ ಒಂದು ವಾಕ್ಯ ಕಾರಣ ಕೊಡಿ, ಸಾಕು.

ಆರನೇ ಹೆಜ್ಜೆ: ಮೂರು ಬಣ್ಣದ ಪೆನ್ನು

ಅಪೀಲ್‌ಗಳ ಪಟ್ಟಿ ಪುಸ್ತಕದಿಂದ ಪುಸ್ತಕಕ್ಕೆ ಉದ್ದ ಆಗ್ತಾ ಹೋಗತ್ತೆ, ಭಯ, ಹಾಸ್ಯ, ಸ್ಟೇಟಸ್ಸು, ಎಲ್ರೂ ತಗೋತಿದಾರೆ ಅನ್ನೋದು, ಸ್ಟಾಕ್ ಕಮ್ಮಿ ಇದೆ ಅನ್ನೋದು, ಹೀಗೆ. ಎಲ್ಲಾನೂ ಬಾಯಿಪಾಠ ಮಾಡ್ಬೇಡಿ. ಮೇಲೆ ಮೂರು ದೊಡ್ಡ ಗುಂಪು ಸಾಕು: ಬುದ್ಧಿಗೆ ಹೇಳೋದು, ಭಾವನೆಗೆ ಹೇಳೋದು, ಸರಿತಪ್ಪಿನ ಪ್ರಜ್ಞೆಗೆ ಹೇಳೋದು. ರ‍್ಯಾಷನಲ್, ಎಮೋಷನಲ್, ಮಾರಲ್ ಅಂತಾರೆ. ಜಾಹೀರಾತಿನ ಪ್ರಿಂಟ್ ತಗೊಂಡು ಮೊದಲ್ನೇದಕ್ಕೆ ನೀಲಿ, ಎರಡನೇದಕ್ಕೆ ಕೆಂಪು, ಮೂರನೇದಕ್ಕೆ ಹಸಿರಲ್ಲಿ ಗೆರೆ ಎಳೀತಾ ಹೋಗಿ, ಚಿತ್ರಕ್ಕೂ ಬಣ್ಣ ಕೊಡಿ.

ಲೆಮನ್ ಮಾಡಿ ನೋಡಿದ್ರೆ ಪುಟ ಪೂರ್ತಿ ನೀಲಿ. ಅಂಕಿ, ತಪಾಸಣೆ, ಬಾಳಿಕೆ, ರೀಸೇಲ್, ಎಲ್ಲಾ ಲೆಕ್ಕಾಚಾರ. ಹಸಿರು ಒಂದೂ ಇಲ್ಲ. ಹೆಚ್ಚಿನವರು ಇಲ್ಲೇ "ಇದು ರ‍್ಯಾಷನಲ್ ಅಪೀಲ್" ಅಂತ ಬರೆದು ಪೆನ್ನು ಮುಚ್ತಾರೆ. ಮುಚ್ಚಬೇಡಿ, ಇನ್ನೊಂದು ಪ್ರಶ್ನೆ ಕೇಳಿ: ಈ ನೀಲಿ ಎಲ್ಲಾ ಯಾವ ಕೆಂಪನ್ನ ಸಮಾಧಾನ ಮಾಡೋಕೆ ಬಂದಿದೆ? ಆಗ ಹೆಡ್‌ಲೈನ್ ಮೇಲೆ ಕೆಂಪು ಕಾಣತ್ತೆ. ಡಬ್ಬಾ ಗಾಡಿ ನನ್ನ ಕುತ್ತಿಗೆಗೆ ಬಿದ್ರೆ ಏನ್ ಗತಿ ಅನ್ನೋದು ಕಾರ್ ತಗೊಳೋ ಪ್ರತಿಯೊಬ್ರ ಭಯ, ಆ ಭಯದ ಹೆಸರನ್ನೇ ಹೆಡ್‌ಲೈನ್ ಮಾಡಿ, ಕೆಳಗೆ ಇನ್ನೂರು ಪದದೊಳಗೆ ಅದನ್ನ ಇಳಿಸಿದಾರೆ. ಅಂದ್ರೆ ಇದು ರ‍್ಯಾಷನಲ್ ಬಟ್ಟೆ ಹಾಕ್ಕೊಂಡ ಭಯದ ಅಪೀಲು, ಜೊತೆಗೆ ತನ್ನನ್ನೇ ತಾನು ಆಡ್ಕೊಳ್ಳೋ ಹಾಸ್ಯ.

ಭಯದ ಅಪೀಲ್ ಬಗ್ಗೆ ಒಂದು ನಿಮಿಷ ನಿಲ್ಲೋಣ, ಇದನ್ನ ತಪ್ಪಾಗಿ ಬಳಸೋರೇ ಜಾಸ್ತಿ. ಭಯ ಹುಟ್ಟಿಸಿದ್ರೆ ಸಾಲದು, ತಪ್ಪಿಸ್ಕೊಳ್ಳೋ ದಾರೀನೂ ಕೈಗೆ ಸಿಗೋ ಹಾಗಿರ್ಬೇಕು, ಇಲ್ಲಾಂದ್ರೆ ಜನ ಪುಟ ತಿರುಗಿಸಿ ಆ ಭಯದಿಂದಲೇ ತಪ್ಪಿಸ್ಕೋತಾರೆ. ನಮ್ಮ ಸಿಗರೇಟ್ ಪ್ಯಾಕ್ ನೋಡಿ, ಅದು ಜಾಹೀರಾತಲ್ಲ ಆದ್ರೆ ಉದಾಹರಣೆಗೆ ಸರಿಹೋಗತ್ತೆ. ಮುಖ್ಯ ಮುಖಗಳ ಶೇ. 85 ಭಾಗ ಭಯ ಹುಟ್ಟಿಸೋ ಎಚ್ಚರಿಕೇನೇ, 2018ರಿಂದ ಅದಕ್ಕೆ ಬಿಡೋಕೆ ಸಹಾಯ ಮಾಡೋ ಸಹಾಯವಾಣಿ ನಂಬರ್ ಕೂಡ ಸೇರಿಸಿದ್ರು. ಅಂದ್ರೆ ಭಯದ ಪಕ್ಕ ಒಂದು ಬಾಗಿಲು ಇಟ್ರು. ಲೆಮನ್ನಲ್ಲಿ ಆ ಬಾಗಿಲು ಇನ್ಸ್‌ಪೆಕ್ಟರ್.

ಯಾವುದು ಮುಖ್ಯ ಅಪೀಲು ಯಾವುದು ಪಕ್ಕವಾದ್ಯ ಅಂತ ತಿಳಿಯೋಕೆ ಒಂದೊಂದಾಗಿ ತೆಗೆದು ನೋಡಿ. ಹೆಡ್‌ಲೈನ್ ತೆಗೆದು ಅಲ್ಲಿ "ಗುಣಮಟ್ಟವೇ ನಮ್ಮ ಧ್ಯೇಯ" ಅಂತ ಹಾಕಿ, ಉಳಿದಿದ್ದೆಲ್ಲಾ ಹಾಗೇ ಇದ್ರೂ ಯಾರೂ ಓದದ ಕಂಪನಿ ಬ್ರೋಷರ್ ಆಗೋಯ್ತು. ಹೆಡ್‌ಲೈನ್ ಇಟ್ಟು ಅಂಕಿಗಳನ್ನ ತೆಗೀರಿ, ಒಂದು ಜೋಕ್ ಉಳೀತು, ಕಾರ್ ಮೇಲೆ ನಂಬಿಕೆ ಹುಟ್ಟಲ್ಲ. ಎರಡೂ ಬೇಕು, ಆದ್ರೆ ಕೆಲಸ ಬೇರೆ: ಕೆಂಪು ಮೊದಲ ಎರಡು ಮೆಟ್ಟಿಲಿಗೆ ಎಳ್ಕೊಂಡು ಬರತ್ತೆ, ನೀಲಿ ಮೂರನೇದಕ್ಕೆ ಹತ್ತಿಸತ್ತೆ. ಅಪೀಲನ್ನ ಹೀಗೆ ಮೆಟ್ಟಿಲಿಗೆ ಜೋಡಿಸಿ ಹೇಳಿದ್ರೇನೇ ಐಡಾ ಮತ್ತೆ ಅಪೀಲ್ ಎರಡು ಪ್ರತ್ಯೇಕ ಪಟ್ಟಿ ಆಗಿ ಉಳಿಯಲ್ಲ.

ಮಿತಿ ಬಗ್ಗೆ ಒಂದು ಪ್ಯಾರಾ, ಇದನ್ನ ಬಿಟ್ರೆ ಉತ್ತರ ಅರ್ಧ

'ಥಿಂಕ್ ಸ್ಮಾಲ್'ಗೆ ಅಡ್ವರ್ಟೈಸಿಂಗ್ ಏಜ್ ಪತ್ರಿಕೆ 1999ರಲ್ಲಿ ಶತಮಾನದ ಅತ್ಯುತ್ತಮ ಕ್ಯಾಂಪೇನ್ ಅಂತ ಮೊದಲ ಸ್ಥಾನ ಕೊಡ್ತು, ಹಾಗಾಗಿ ಈ ಜಾಹೀರಾತುಗಳೇ ಬೀಟಲ್‌ನ ಮಾರಿದ್ವು ಅಂತ ಬರೆಯೋ ಆಸೆ ಆಗತ್ತೆ. ಆದ್ರೆ ಈ ಸರಣಿ ಶುರುವಾದ 1959ಕ್ಕೇ ಬೀಟಲ್ ಅಮೆರಿಕದಲ್ಲಿ ಚೆನ್ನಾಗೇ ಹೋಗ್ತಿತ್ತು. ಜಾಹೀರಾತಿನ ಪುಟ ನೋಡಿ ಮಾರಾಟದ ಲೆಕ್ಕ ಹೇಳೋಕೆ ಆಗಲ್ಲ, ಐಡಾ ಹೇಳೋದು ಬರೆದೋರು ಓದುಗರನ್ನ ಯಾವ ದಾರೀಲಿ ಕರ್ಕೊಂಡು ಹೋಗೋಕೆ ನೋಡಿದಾರೆ ಅನ್ನೋದು ಮಾತ್ರ, ಓದುಗರು ಹೋದ್ರಾ ಇಲ್ವಾ ಅನ್ನೋದಲ್ಲ. ಇನ್ನೊಂದು, ಎಲ್ಲಾ ವಸ್ತೂನೂ ಈ ಮೆಟ್ಟಿಲು ಹತ್ತಿ ಕೊಳ್ಳಲ್ಲ. ಮಾರ್ಕೆಟಿಂಗ್ ಸಂಶೋಧಕ ಆಂಡ್ರ್ಯೂ ಎಹ್ರೆನ್‌ಬರ್ಗ್ 1974ರಲ್ಲಿ ಹೇಳಿದ್ದು ಇದೇ: ಪದೇಪದೇ ಕೊಳ್ಳೋ ಸಾಮಾನಲ್ಲಿ ಹೆಸರು ಗೊತ್ತಿರತ್ತೆ, ಒಂದ್ಸಲ ತಗೊಂಡು ನೋಡ್ತೀವಿ, ಆಮೇಲೆ ಜಾಹೀರಾತು ಬರೋದು ಆ ಅಭ್ಯಾಸ ಬಿಡದ ಹಾಗೆ ನೆನಪಿಸೋಕೆ. ನಮ್ಮನೇಲಿ ಯಾವ ಟೀ ಪುಡಿ ಬರತ್ತೆ ಅನ್ನೋದು ನಂಗೆ ಬಯಕೆ ಹುಟ್ಟಿ ಆಗಿದ್ದಲ್ಲ, ಅಮ್ಮ ತರಿಸ್ತಿದ್ರು ಈಗ್ಲೂ ಅದೇ ಬರತ್ತೆ. ಟೀ ಪುಡಿ, ಸೋಪು, ಉಪ್ಪು ಇಂಥ ಜಾಹೀರಾತು ಆರಿಸ್ಕೊಂಡ್ರೆ ನಾಲ್ಕೂ ಮೆಟ್ಟಿಲು ಬಲವಂತವಾಗಿ ಹುಡುಕೋಕೆ ಹೋಗ್ಬೇಡಿ.

ಈಗ ನಿಮ್ಮ ಪೇಪರ್ ತೆಗೀರಿ

ಅಕ್ಷಯ ತೃತೀಯದ ಹಿಂದಿನ ವಾರದ ಯಾವ್ದಾದ್ರೂ ಕನ್ನಡ ದಿನಪತ್ರಿಕೆ ಸಾಕು, ಮುಖಪುಟ ಪೂರ್ತಿ ಒಂದು ಚಿನ್ನದಂಗಡಿ ಜಾಹೀರಾತು ಇರೋ ಸಾಧ್ಯತೆ ಜಾಸ್ತಿ. ಲೆಮನ್ ಆದ್ಮೇಲೆ ಇದನ್ನ ಬಿಚ್ಚೋದು ಮಜಾ, ಯಾಕಂದ್ರೆ ಎಲ್ಲಾ ಉಲ್ಟಾ. ಗಮನ ಜಾಗದಿಂದಲೇ ಬಂತು, ಮುಖಪುಟಾನೇ ಕೊಂಡ್ಮೇಲೆ ಶ್ಲೇಷೆ ಬೇಕಿಲ್ಲ, ಜೊತೆಗೆ ಒಬ್ರು ನಟಿ. ಆಸಕ್ತಿಗೆ ಜಾಗಾನೇ ಇಲ್ಲ, ಚಿನ್ನ ಅಂದ್ರೇನು ಅಂತ ಯಾರಿಗೂ ವಿವರಿಸ್ಬೇಕಾಗಿಲ್ಲ, ಆ ಕೆಲಸ ಅಂಗಡಿಯವರು ಮಾಡಿಲ್ಲ, ಹಬ್ಬ ಮಾಡಿದೆ. ಬಯಕೆ ಕೂಡ ಅರ್ಧ ಮನೇಲೇ ತಯಾರಾಗಿದೆ, ಅವತ್ತು ಒಂದು ಗ್ರಾಂ ಆದ್ರೂ ತರಬೇಕು ಅಂತ. ಹಾಗಾಗಿ ಪುಟದ ಬಲ ಎಲ್ಲಾ ಆಕ್ಷನ್ ಮೇಲೆ: ಇಂಥಾ ದಿನದವರೆಗೆ ಮಾತ್ರ, ಅಡ್ವಾನ್ಸ್ ಬುಕಿಂಗ್ ಇದೆ, ಬೆಳಿಗ್ಗೆ ಬೇಗ ತೆರೆಯತ್ತೆ, ಇಷ್ಟು ಬ್ರ್ಯಾಂಚು, ಇಷ್ಟು ಫೋನ್ ನಂಬರು. ಪೆನ್ನಲ್ಲಿ ಗೆರೆ ಎಳೆದ್ರೆ ಮೇಕಿಂಗ್ ಚಾರ್ಜಲ್ಲಿ ರಿಯಾಯಿತಿ ಅನ್ನೋದು ನೀಲಿ, ನಟಿ ಮತ್ತೆ ಸಂಪ್ರದಾಯ ಕೆಂಪು, ಕೊನೇ ದಿನಾಂಕ ಕೂಡ ಕೆಂಪೇ, ಅದು ಕೈತಪ್ಪಿ ಹೋಗತ್ತೆ ಅನ್ನೋ ಸಣ್ಣ ಭಯ.

ಕೊನೇದಾಗಿ ನಕ್ಷತ್ರ ಚಿಹ್ನೆ ಹುಡುಕಿ. ದೊಡ್ಡ ಅಂಕಿಯ ತಲೆ ಮೇಲೆ ಇರೋ ಪುಟ್ಟ ಚುಕ್ಕಿ ಹಿಡ್ಕೊಂಡು ಪುಟದ ತಳಕ್ಕೆ ಇಳೀರಿ, ಅಲ್ಲಿ ಷರತ್ತು ಇರತ್ತೆ, ಅಂಕಿ ಪಕ್ಕದಲ್ಲೇ ಸಾಸಿವೆ ಕಾಳಿನ ಸೈಝಲ್ಲಿ 'ವರೆಗೆ' ಅಂತಲೂ ಇರಬಹುದು. ದಾರಿತಪ್ಪಿಸೋ ಜಾಹೀರಾತು ತಡೆಯೋಕೆ 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಪ್ರಕಾರ ಈ ಷರತ್ತಿನ ಸಾಲು ಮುಖ್ಯ ಮಾತಿಗೆ ವಿರುದ್ಧವಾಗಿ ಇರಬಾರದು, ಜಾಹೀರಾತಿನ ಮಾತು ಯಾವ ಭಾಷೇಲಿದ್ಯೋ ಅದೇ ಭಾಷೇಲಿ ಇರಬೇಕು. ಕನ್ನಡದಲ್ಲಿ ದೊಡ್ಡದಾಗಿ ಆಫರ್ ಹೇಳಿ ಷರತ್ತನ್ನ ಮಾತ್ರ ಇಂಗ್ಲಿಷಲ್ಲಿ ಹಾಕಿದ್ರೆ ಅದನ್ನೂ ಉತ್ತರದಲ್ಲಿ ಬರೀರಿ, ಆ ನೀಲಿ ಗೆರೆ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಷರತ್ತು ಓದಿದ್ಮೇಲೂ ಆ ರಿಯಾಯಿತಿ ನೀಲಿಯಾಗೇ ಉಳಿಯತ್ತಾ ಇಲ್ಲಾ ಕೆಂಪಿಗೆ ತಿರುಗತ್ತಾ ನೋಡಿ.